2,500 ಡಾಲರ್ ಬಿಲ್ ಮಾಡಿದರೆ ಖಾತೆಗೆ ₹2,06,258: ರೆಮಿಟೆನ್ಸ್ ಅಡ್ವೈಸ್ ಓದುವುದು ಹೇಗೆ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಕೂತು ಅಮೆರಿಕದ ಒಂದು ಕಂಪನಿಗೆ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಮಾಡ್ತೇನೆ. ಜಿಎಸ್‌ಟಿ ನೋಂದಣಿ, ಎಲ್‌ಯುಟಿ ಎರಡೂ ಇವೆ. ಹಣ ಬರೋದು ನನ್ನ ಹಳೆಯ ಉಳಿತಾಯ ಖಾತೆಗೆ. ಈ ಸಲ 2,500 ಡಾಲರ್ ಬಿಲ್ ಮಾಡಿದ್ದೆ, ಜಮಾ ಆದದ್ದು ₹2,06,258.34. ಅಂದಿನ ರೆಫರೆನ್ಸ್ ರೇಟ್ 84.60 ಇತ್ತು, ಅಂದರೆ ₹2,11,500 ಬರಬೇಕಿತ್ತು. ಹಣ ಬಂದದ್ದಕ್ಕೆ ಬ್ಯಾಂಕ್ ಕೊಟ್ಟ ಅಡ್ವೈಸ್‌ನಲ್ಲಿ USD 2,485, ರೇಟ್ 83.35, ಕಮಿಷನ್ ₹500, ಪರ್ಪಸ್ ಕೋಡ್ P1301 ಅಂತಿದೆ. ಶಾಖೆಯಲ್ಲಿ ಕೇಳಿದರೆ "ಎಲ್ಲ ಸರಿ ಇದೆ" ಅಂತಾರೆ. ಐದು ಸಾವಿರ ಎಲ್ಲಿ ಹೋಯ್ತು? ಬ್ಯಾಂಕ್ ಜೊತೆ ಜಗಳ ಆಡಬೇಕಾ, ಬಿಡಬೇಕಾ?

ಉತ್ತರ: ಹಣದ ಲೆಕ್ಕ ಪೈಸೆ ಸಮೇತ ತಾಳೆ ಆಗುತ್ತದೆ, ಅದನ್ನು ಕೆಳಗೆ ಬಿಡಿಸಿದ್ದೇನೆ. ಆದರೆ ಆ ಅಡ್ವೈಸ್‌ನಲ್ಲಿ ನಿಜವಾದ ತಪ್ಪು ಇರುವುದು ಹಣದಲ್ಲಲ್ಲ, ಹಣ ಯಾವ ಉದ್ದೇಶಕ್ಕೆ ಬಂತೆಂದು ಹೇಳುವ ಪರ್ಪಸ್ ಕೋಡ್‌ನಲ್ಲಿ. ಅದನ್ನು ಮೊದಲು ಸರಿಮಾಡಿಸಿ. ರೇಟಿನ ಚೌಕಾಸಿ ಮುಂದಿನ ತಿಂಗಳ ಪೇಮೆಂಟಿಗೂ ಮಾಡಬಹುದು. ಕೋಡ್ ಹಾಗಲ್ಲ, ದಿನ ಕಳೆದಷ್ಟೂ ತಿದ್ದಿಸುವುದು ಕಷ್ಟವಾಗುತ್ತದೆ.

P1301 ಎಂದರೆ ಹೊರದೇಶದಲ್ಲಿರುವ ಭಾರತೀಯರು ಕುಟುಂಬ ನಿರ್ವಹಣೆಗೋ ಉಳಿತಾಯಕ್ಕೋ ಊರಿಗೆ ಕಳಿಸುವ ಹಣ. ನಿಮಗೆ ಹಣ ಕಳಿಸಿದ್ದು ಅಮೆರಿಕದ ಕಂಪನಿ. ಕಳಿಸಿದವರ ಹೆಸರಿನ ಜಾಗದಲ್ಲಿ ಕಂಪನಿಯ ಹೆಸರು, ಉದ್ದೇಶದ ಜಾಗದಲ್ಲಿ ಕುಟುಂಬ ನಿರ್ವಹಣೆ. ಒಂದೇ ಕಾಗದದ ಎರಡು ಸಾಲು ಒಂದಕ್ಕೊಂದು ಹೊಂದುವುದಿಲ್ಲ. ಜಿಎಸ್‌ಟಿಯಲ್ಲಿ ನಿಮ್ಮ ಕೆಲಸ ಸೇವಾ ರಫ್ತು ಎನಿಸಿಕೊಳ್ಳಲು ಇರುವ ಷರತ್ತುಗಳಲ್ಲಿ ಒಂದು, ಆ ಸೇವೆಯ ಹಣ ವಿದೇಶಿ ವಿನಿಮಯದಲ್ಲಿ ಬಂದಿರಬೇಕು ಎಂಬುದು. ಅದಕ್ಕೆ ನಿಮ್ಮ ಕೈಲಿರುವ ಸಾಕ್ಷಿ ಈ ಅಡ್ವೈಸೇ. ನಾಳೆ ರೀಫಂಡ್ ಅರ್ಜಿ ಹಾಕಿದಾಗ ಇನ್‌ವಾಯ್ಸ್ ಪಕ್ಕದಲ್ಲಿ ಇದರ ನಂಬರನ್ನೇ ಬರೆಯಬೇಕು. "ಇದು ಮನೆಖರ್ಚಿಗೆ ಬಂದ ಹಣ ಅಂತ ನಿಮ್ಮ ಬ್ಯಾಂಕೇ ಹೇಳಿದೆಯಲ್ಲ" ಎಂದು ಅಧಿಕಾರಿ ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ.

ನೀವು ಹೇಳಿದ ಕೆಲಸಕ್ಕೆ ಹೊಂದುವ ಕೋಡ್ P0802. ಸಾಫ್ಟ್‌ವೇರ್ ಕನ್ಸಲ್ಟೆನ್ಸಿ ಮತ್ತು ಇಂಪ್ಲಿಮೆಂಟೇಶನ್, ಸಾಫ್ಟ್‌ವೇರ್ ರಫ್ತನ್ನು ಘೋಷಿಸುವ ಸಾಫ್ಟೆಕ್ಸ್ ಫಾರ್ಮ್ ವ್ಯಾಪ್ತಿಗೆ ಬರದಿರುವಂಥದ್ದು. ಇದರ ಕೊನೆಯ ಮಾತನ್ನು ಗಮನಿಸಿ. ನೀವು ಕೊಡುತ್ತಿರುವುದು ಸಲಹೆ, ಇಂಪ್ಲಿಮೆಂಟೇಶನ್ ಅಲ್ಲದೆ, ಇಲ್ಲೇ ಬರೆದ ಪೂರ್ತಿ ಸಾಫ್ಟ್‌ವೇರನ್ನು ಇಂಟರ್ನೆಟ್ ಮೂಲಕ ರಫ್ತು ಮಾಡುವುದಾದರೆ ಅದು P0807, ಅದಕ್ಕೆ ಸಾಫ್ಟೆಕ್ಸ್ ಸಲ್ಲಿಕೆಯ ಪ್ರಶ್ನೆಯೂ ಬರುತ್ತದೆ. ಅನುಮಾನವಿದ್ದರೆ ಒಪ್ಪಂದದ ಪ್ರತಿ ಹಿಡಿದುಕೊಂಡು ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ, ಅಂದರೆ ಎಸ್‌ಟಿಪಿಐ ಕಚೇರಿಯಲ್ಲಿ ಕೇಳಿ, ಹುಬ್ಬಳ್ಳಿಯಲ್ಲೇ ಅವರ ಕೇಂದ್ರ ಇದೆ. ಕೋಡ್ ಆಯ್ಕೆಯಲ್ಲಿ ನೋಡಬೇಕಾದ್ದು ಇನ್‌ವಾಯ್ಸ್‌ನಲ್ಲಿ ಬರೆದಿರುವ ಕೆಲಸವನ್ನು, ನಿಮ್ಮ ಹುದ್ದೆಯನ್ನಲ್ಲ. ಸಾಫ್ಟ್‌ವೇರ್ ಎಂಜಿನಿಯರೇ ಆಗಿದ್ದರೂ ಬಿಲ್ ಮಾಡಿದ್ದು ವ್ಯವಹಾರ ನಿರ್ವಹಣೆಯ ಸಲಹೆಗಾದರೆ P1006 ಆಗುತ್ತದೆ.

ಇಂಥ ತಪ್ಪು ಆಗುವುದು ಹೇಗೆ? ಈ P ಕೋಡ್‌ಗಳು ನಮ್ಮ ರಿಸರ್ವ್ ಬ್ಯಾಂಕಿನವು. ಅಮೆರಿಕದಲ್ಲಿ ಹಣ ಕಳಿಸುವವರಿಗೆ ಇವು ಗೊತ್ತೇ ಇರುವುದಿಲ್ಲ. ಕೋಡ್ ಹಾಕುವುದು ಇಲ್ಲಿನ ಬ್ಯಾಂಕು, ನೀವು ಕೊಟ್ಟ ಸೂಚನೆ ನೋಡಿ. ಸೂಚನೆ ಇಲ್ಲದಿದ್ದರೆ ಫೋರೆಕ್ಸ್ ವಿಭಾಗದಲ್ಲಿ ಕೂತವರ ಮುಂದೆ ಇರುವುದು ಇಷ್ಟೇ: ಒಂದು ಉಳಿತಾಯ ಖಾತೆ, ಒಂದು ವ್ಯಕ್ತಿಯ ಹೆಸರು, ವಿವರದ ಜಾಗ ಖಾಲಿ. ಅವರು P1301 ಹಾಕಿ ಮುಂದೆ ಹೋಗುತ್ತಾರೆ. ಕರಾವಳಿಯ ಕಡೆ ದುಬೈ ಗ್ರಾಹಕರಿರುವವರಿಗೆ ಇನ್ನೊಂದು ತೊಡಕಿದೆ. ಯುಎಇಗೆ ತನ್ನದೇ ಮೂರಕ್ಷರದ ಉದ್ದೇಶ ಕೋಡ್‌ಗಳಿವೆ. ಕಳಿಸುವವರು ಅಲ್ಲಿ ಅವಸರದಲ್ಲಿ ಕುಟುಂಬ ನೆರವಿನ FAM ಆರಿಸಿದರೆ ಇಲ್ಲಿನವರೂ ಅದನ್ನೇ ನಂಬುತ್ತಾರೆ.

ವಸ್ತು ರಫ್ತಿನ ಮುಂಗಡಕ್ಕೆ ಮೀಸಲಾದ P0103 ಹಾಕಿದರೂ ಅಷ್ಟೇ ಕಷ್ಟ. ಆ ಹಣದ ಎದುರಿಗೆ ಒಂದು ಶಿಪ್ಪಿಂಗ್ ಬಿಲ್ ಬರಬೇಕೆಂದು ರಫ್ತು ನಿಗಾ ವ್ಯವಸ್ಥೆ ಕಾಯುತ್ತದೆ. ಸೇವೆ ಕೊಟ್ಟವರ ಬಳಿ ಶಿಪ್ಪಿಂಗ್ ಬಿಲ್ ಎಲ್ಲಿಂದ ಬರಬೇಕು? ನಮೂದು ಬಾಕಿಯೆಂದೇ ಉಳಿಯುತ್ತದೆ.

ತಿದ್ದಿಸಲು ಒಂದು ಪುಟದ ಪತ್ರ ಸಾಕು. ಅಡ್ವೈಸ್‌ನ ರೆಫರೆನ್ಸ್ ನಂಬರ್, ದಿನಾಂಕ, ಡಾಲರ್ ಮೊತ್ತ, ಈಗಿರುವ ಕೋಡ್, ಆಗಬೇಕಾದ ಕೋಡ್, ಕಾರಣ ಎರಡು ಸಾಲಿನಲ್ಲಿ. ಜೊತೆಗೆ ಇನ್‌ವಾಯ್ಸ್ ಮತ್ತು ಒಪ್ಪಂದ. ಒಪ್ಪಂದ ಇಲ್ಲದಿದ್ದರೆ ಕೆಲಸ ಒಪ್ಪಿಸಿದ ಇಮೇಲ್. ಕೊನೆಯಲ್ಲಿ ಎರಡು ಬೇಡಿಕೆ ಬೇರೆ ಬೇರೆಯಾಗಿ ಬರೆಯಿರಿ: ರಿಸರ್ವ್ ಬ್ಯಾಂಕಿಗೆ ಹೋಗುವ ವರದಿಯಲ್ಲಿ ಕೋಡ್ ತಿದ್ದಬೇಕು, ತಿದ್ದಿದ ಅಡ್ವೈಸ್ ಕೊಡಬೇಕು. ಎರಡನ್ನೂ ಕೇಳುವುದಕ್ಕೆ ಕಾರಣವಿದೆ. ಕಾಗದ ಮಾತ್ರ ಬದಲಾಯಿಸಿ ಒಳಗಿನ ದಾಖಲೆ ಹಾಗೇ ಬಿಟ್ಟರೆ ಮುಂದೆ ಎರಡೂ ತಾಳೆಯಾಗುವುದಿಲ್ಲ. ಬ್ಯಾಂಕುಗಳು ವಿದೇಶಿ ವಿನಿಮಯದ ವಹಿವಾಟನ್ನು ರಿಸರ್ವ್ ಬ್ಯಾಂಕಿಗೆ ವರದಿ ಮಾಡುವುದು ಹದಿನೈದು ದಿನಕ್ಕೊಮ್ಮೆ. ಆ ವರದಿ ಹೋಗುವ ಮೊದಲು ಪತ್ರ ತಲುಪಿದರೆ ಅವರಿಗೂ ಕೆಲಸ ಹಗುರ, ಹೋದ ಮೇಲೆ ಹಳೆಯ ವರದಿಯನ್ನೇ ಪರಿಷ್ಕರಿಸಬೇಕು. ಶಾಖೆಯ ಕೌಂಟರಿನಲ್ಲಿ ಈ ಕೆಲಸ ಆಗುವುದಿಲ್ಲ. ಬಹಳಷ್ಟು ಬ್ಯಾಂಕುಗಳಲ್ಲಿ ಇದನ್ನು ನೋಡಿಕೊಳ್ಳುವುದು ಬೇರೆ ಊರಿನ ಕೇಂದ್ರ ವಿಭಾಗ. "ಎಲ್ಲ ಸರಿ ಇದೆ" ಎಂದವರು ಆ ಅಡ್ವೈಸನ್ನು ತಯಾರಿಸಿದವರಾಗಿರುವ ಸಾಧ್ಯತೆ ಕಡಿಮೆ. ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಅದನ್ನೇ ಫೋರೆಕ್ಸ್ ವಿಭಾಗದ ಇಮೇಲಿಗೂ ಕಳಿಸಿ.

ಈಗ ಹಣ. ನಿಮ್ಮ ₹5,241.66 ಒಂದೇ ಕಡೆ ಹೋಗಿಲ್ಲ. ಡಾಲರ್ ದಾರಿಯಲ್ಲಿರುವಾಗ ಒಂದು ಕಡಿತ, ರೂಪಾಯಿ ಆಗುವಾಗ ಒಂದು, ರೂಪಾಯಿ ಆದ ಮೇಲೆ ಇನ್ನೊಂದು. ಒಂದೊಂದಕ್ಕೂ ಕೇಳಬೇಕಾದವರು ಬೇರೆ, ಹಾಗಾಗಿ ಬೇರ್ಪಡಿಸದೆ ಬ್ಯಾಂಕಿಗೆ ಹೋದರೆ ಸಿಗುವ ಉತ್ತರ ನಿಮಗೆ ಈಗ ಸಿಕ್ಕಿರುವಂಥದ್ದೇ. ಇಲ್ಲಿ ತುಂಬ ಜನ ಮಾಡುವ ತಪ್ಪೊಂದಿದೆ: ಜಮಾ ಆದ ರೂಪಾಯಿಯನ್ನು ಬಿಲ್ಲಿನ ಡಾಲರಿನಿಂದ ಭಾಗಿಸುತ್ತಾರೆ. 2,06,258.34 ಭಾಗಿಸು 2,500 ಮಾಡಿದರೆ 82.50 ಬರುತ್ತದೆ. "ಬ್ಯಾಂಕು 82.50 ಕೊಟ್ಟಿದೆ" ಎಂದು ದೂರು ಬರೆದರೆ ಅದು ಮೊದಲ ಸಾಲಿಗೇ ಬಿದ್ದುಹೋಗುತ್ತದೆ. ಬ್ಯಾಂಕು ಕೊಟ್ಟ ರೇಟ್ 83.35, ಅದೂ ತನ್ನ ಕೈಗೆ ಬಂದ 2,485 ಡಾಲರಿಗೆ.

ಮೊದಲು ಆ 15 ಡಾಲರ್. ಇದನ್ನು ನಿಮ್ಮ ಬ್ಯಾಂಕು ತೆಗೆದಿಲ್ಲ ಎಂದು ಖಚಿತ ಮಾಡಿಕೊಳ್ಳಲು ಹಣದ ಜೊತೆ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಸ್ವಿಫ್ಟ್ ಸಂದೇಶದ ಪ್ರತಿ ಬೇಕು. ನಿಮ್ಮ ಗ್ರಾಹಕರಾದ ಅಮೆರಿಕದ ಕಂಪನಿಯವರು ತಮ್ಮ ಬ್ಯಾಂಕಿನಲ್ಲಿ ಕೇಳಿದರೆ ಕೊಡುತ್ತಾರೆ, ನಿಮ್ಮ ಬ್ಯಾಂಕಿನಲ್ಲೂ ಇರುತ್ತದೆ. ಹಳೆಯ MT103 ರೂಪದಲ್ಲಿ ನೋಡಬೇಕಾದ ಸಾಲುಗಳು ನಾಲ್ಕೇ:

```
:32A:YYMMDDUSD2485,
:33B:USD2500,
:71A:SHA
:71F:USD15,
```

33B ಎಂದರೆ ಗ್ರಾಹಕರು ಕಳಿಸಲು ಹೇಳಿದ ಮೊತ್ತ. 71F ದಾರಿಯಲ್ಲಿ ಮುರಿದುಕೊಂಡದ್ದು. 32A ನಿಮ್ಮ ಬ್ಯಾಂಕಿನ ಕೈಸೇರಿದ್ದು, ಅದರ ಮೊದಲ ಆರು ಅಂಕಿ ದಿನಾಂಕ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಮೂರನೆಯದು ಬರಬೇಕು. 2025ರ ನವೆಂಬರಿನಿಂದ ಗಡಿಯಾಚೆಯ ಪಾವತಿ ಸಂದೇಶಗಳು pacs.008 ಎಂಬ ಹೊಸ ರೂಪಕ್ಕೆ ಬದಲಾಗಿವೆ. ನಿಮಗೆ ಅದರ ಪ್ರತಿ ಸಿಕ್ಕರೆ InstdAmt, IntrBkSttlmAmt, ChrgBr ಎಂಬ ಹೆಸರುಗಳನ್ನು ಹುಡುಕಿ, ಅರ್ಥ ಕ್ರಮವಾಗಿ 33B, 32A, 71A ಇದ್ದಂತೆಯೇ.

71Aಯಲ್ಲಿ SHA ಇದೆ, ಅಂದರೆ ಖರ್ಚು ಇಬ್ಬರದ್ದು: ಕಳಿಸುವ ಬ್ಯಾಂಕಿನದ್ದು ಅವರಿಗೆ, ನಡುವಿನ ಬ್ಯಾಂಕು ಮತ್ತು ಇಲ್ಲಿನದ್ದು ನಿಮಗೆ. ಹಾಗಾಗಿ 15 ಡಾಲರ್ ಬಗ್ಗೆ ನಿಮ್ಮ ಬ್ಯಾಂಕನ್ನು ಕೇಳಿ ಪ್ರಯೋಜನವಿಲ್ಲ. ಅಲ್ಲಿ BEN ಇದ್ದರೆ ಪೂರ್ತಿ ಖರ್ಚು ನಿಮ್ಮ ತಲೆಗೆ. OUR ಇದ್ದೂ ಡಾಲರ್ ಕಡಿಮೆ ಬಂದಿದ್ದರೆ ಮಾತ್ರ ಅದು ತಪ್ಪು, ಆಗಲೂ ವಿಚಾರಣೆ ಶುರುವಾಗಬೇಕಾದ್ದು ಕಳಿಸಿದವರ ಬ್ಯಾಂಕಿನಿಂದ. ಅವರಿಗೆ UETR ಎಂಬ 36 ಅಕ್ಷರದ ನಂಬರ್ ಕೊಟ್ಟರೆ ಹಣ ಯಾವ ಬ್ಯಾಂಕಿನಲ್ಲಿ ನಿಂತು ಎಷ್ಟು ಕಳೆದುಕೊಂಡಿತು ಎಂದು ಪತ್ತೆ ಹಚ್ಚುತ್ತಾರೆ. ನೀವು ಇದಕ್ಕೆ ಮಾಡಬಹುದಾದ್ದು ಮುಂದಿನ ಒಪ್ಪಂದದಲ್ಲಿ OUR ಎಂದು ಬರೆಸಿಕೊಳ್ಳುವುದು. ಲೆಕ್ಕಪುಸ್ತಕದಲ್ಲಿ ಮಾತ್ರ ಆದಾಯ 2,500 ಡಾಲರೇ, 15 ಡಾಲರ್ ಬ್ಯಾಂಕ್ ಖರ್ಚು. ಆದಾಯವನ್ನೇ 2,485 ಎಂದು ಬರೆದರೆ ಇನ್‌ವಾಯ್ಸ್‌ಗೂ ರಿಟರ್ನ್‌ಗೂ ಹೊಂದಿಕೆ ತಪ್ಪುತ್ತದೆ. ಕೊರತೆ ಏಕೆಂದು ಕೇಳಿದರೆ ತೋರಿಸಲು ಆ ಸ್ವಿಫ್ಟ್ ಪ್ರತಿ ಇನ್‌ವಾಯ್ಸ್ ಜೊತೆಯೇ ಇರಲಿ.

ಎರಡನೆಯದು ರೇಟ್, ನಿಮಗೆ ಹೆಚ್ಚು ನಷ್ಟವಾಗಿರುವುದು ಇಲ್ಲೇ. 84.60ಕ್ಕೂ 83.35ಕ್ಕೂ ಅಂತರ 1 ರೂಪಾಯಿ 25 ಪೈಸೆ, 2,485 ಡಾಲರಿಗೆ ₹3,106.25. ಶೇಕಡಾ 1.48ರಷ್ಟು. ಇದು ಅಡ್ವೈಸ್‌ನಲ್ಲಿ ಖರ್ಚು ಎಂದು ಎಲ್ಲೂ ಕಾಣುವುದಿಲ್ಲ, ರೇಟಿನೊಳಗೇ ಅಡಗಿರುತ್ತದೆ. ₹500 ಕಮಿಷನ್ ಬಗ್ಗೆ ಬೇಸರಪಡುವವರು ಅದರ ಆರು ಪಟ್ಟು ಇಲ್ಲಿ ಹೋಗಿರುವುದನ್ನು ಗಮನಿಸುವುದೇ ಇಲ್ಲ.

ಆದರೂ ರೆಫರೆನ್ಸ್ ರೇಟ್ ಸಿಗಲಿಲ್ಲ ಎಂಬುದೇ ತಪ್ಪಲ್ಲ. ಅದು ಬ್ಯಾಂಕುಗಳ ನಡುವಿನ ವ್ಯವಹಾರ ನೋಡಿ ಎಫ್‌ಬಿಐಎಲ್ ದಿನಕ್ಕೊಮ್ಮೆ ಮಧ್ಯಾಹ್ನ ಪ್ರಕಟಿಸುವ ಅಳತೆಗೋಲು, ಯಾವ ಬ್ಯಾಂಕೂ ಗ್ರಾಹಕರಿಗೆ ಕೊಡಲೇಬೇಕಾದ ದರವಲ್ಲ. ಅಂತರ ಇಷ್ಟೇ ಇರಬೇಕೆಂಬ ಮಿತಿಯೂ ಇಲ್ಲ. ನೀವು ತಾಳೆ ನೋಡಬೇಕಾದ್ದು ಅದೇ ಬ್ಯಾಂಕಿನ ಅಂದಿನ ಕಾರ್ಡ್ ರೇಟ್ ಪಟ್ಟಿಯ ಜೊತೆ. ಪಟ್ಟಿಯಲ್ಲಿ ಹಲವು ಕಾಲಂ ಇರುತ್ತವೆ: ಟಿಟಿ ಬೈಯಿಂಗ್, ಬಿಲ್ ಬೈಯಿಂಗ್, ಕರೆನ್ಸಿ ನೋಟು, ಸೆಲ್ಲಿಂಗ್ ಹೀಗೆ. ನಿಮ್ಮ ಡಾಲರ್ ಬ್ಯಾಂಕಿನ ವಿದೇಶಿ ಖಾತೆಗೆ ಮೊದಲೇ ಬಂದು ಬಿದ್ದಿದೆ, ಆಮೇಲೆ ನಿಮಗೆ ರೂಪಾಯಿ ಕೊಟ್ಟಿದ್ದಾರೆ. ಹೀಗಿದ್ದಾಗ ಅನ್ವಯಿಸುವುದು ಟಿಟಿ ಬೈಯಿಂಗ್. ಬಿಲ್ ಬೈಯಿಂಗ್ ಇರುವುದು ಹಣ ಬರುವ ಮೊದಲೇ ಬ್ಯಾಂಕು ಮುಂಗಡ ಕೊಡುವ ಸಂದರ್ಭಕ್ಕೆ, ಅದು ಕಡಿಮೆ ಇರುತ್ತದೆ. ಅಂದಿನ ಪಟ್ಟಿಯಲ್ಲಿ ಟಿಟಿ ಬೈಯಿಂಗ್ 83.35 ಇದ್ದರೆ ಬ್ಯಾಂಕು ತನ್ನ ನಿಯಮದ ಪ್ರಕಾರವೇ ನಡೆದಿದೆ. ಅದಕ್ಕಿಂತ ಹೆಚ್ಚಿದ್ದು, 83.35 ಬಿಲ್ ಬೈಯಿಂಗ್ ಕಾಲಂನಲ್ಲಿ ಸಿಕ್ಕರೆ ನಿಮ್ಮ ದೂರಿಗೆ ಬಲ ಬಂತು, ವ್ಯತ್ಯಾಸವನ್ನು ವಾಪಸ್ ಕೇಳಿ.

ದಿನಾಂಕವನ್ನೂ ನೋಡಿ. 32Aಯ ದಿನಕ್ಕೂ ಖಾತೆಗೆ ಜಮಾ ಆದ ದಿನಕ್ಕೂ ಒಂದು ಕೆಲಸದ ದಿನದ ಅಂತರ ಸಾಮಾನ್ಯ. ಅಮೆರಿಕದಲ್ಲಿ ಶುಕ್ರವಾರ ಹೊರಟದ್ದು ಇಲ್ಲಿ ಸೋಮವಾರ ಜಮಾ ಆಗುವುದೂ ಸಹಜ, ಶನಿವಾರ ವಿನಿಮಯ ಮಾರುಕಟ್ಟೆ ಮುಚ್ಚಿರುತ್ತದೆ. ಅದಕ್ಕಿಂತ ತಡವಾಗಿದ್ದರೆ ಬ್ಯಾಂಕು ನಿಮ್ಮಿಂದ ಏನಾದರೂ ದಾಖಲೆ ಕೇಳಿತ್ತೇ ಎಂದು ನೆನಪು ಮಾಡಿಕೊಳ್ಳಿ. ಕೇಳಿದ್ದರೆ ತಡ ನಿಮ್ಮ ಕಡೆಯದು. ಕೇಳದೆ ಇಟ್ಟುಕೊಂಡಿದ್ದು, ಅಷ್ಟರಲ್ಲಿ ಡಾಲರ್ ಇಳಿದಿದ್ದರೆ ಆ ನಷ್ಟಕ್ಕೆ ಲಿಖಿತ ವಿವರಣೆ ಕೇಳುವ ಹಕ್ಕು ನಿಮ್ಮದು. ಇನ್ನು ಕೆಲವು ಅಡ್ವೈಸ್‌ಗಳಲ್ಲಿ ರೇಟೇ ಇರುವುದಿಲ್ಲ. ಆಗ ಪಾಸ್‌ಬುಕ್‌ನಲ್ಲಿ ಕಾಣುವ ಮೊತ್ತಕ್ಕೆ ಕಮಿಷನ್ ಮತ್ತು ಜಿಎಸ್‌ಟಿಯನ್ನು ಮರಳಿ ಕೂಡಿ, ಆಮೇಲೆ ಬ್ಯಾಂಕಿಗೆ ಬಂದ ಡಾಲರಿನಿಂದ ಭಾಗಿಸಿ.

ರೇಟಿನ ವಿಷಯದಲ್ಲಿ ಜಗಳಕ್ಕಿಂತ ಚೌಕಾಸಿಯೇ ಮೇಲು. ಕಾರ್ಡ್ ರೇಟ್ ಎಂಬುದು ಕೇಳದವರಿಗೆ ಕೊಡುವ ದರ. ತಿಂಗಳು ತಿಂಗಳು 2,500 ಡಾಲರ್ ಬರುತ್ತದೆ ಎಂದು ತೋರಿಸಿ ಲಿಖಿತವಾಗಿ ಮಾರ್ಜಿನ್ ಕಡಿಮೆ ಮಾಡಲು ಕೇಳಿ. 1.25 ಇರುವ ಅಂತರ 60 ಪೈಸೆಗೆ ಇಳಿದರೂ ಇದೇ ಮೊತ್ತದ ಮೇಲೆ ₹1,615 ಉಳಿಯುತ್ತದೆ. ಒಪ್ಪದಿದ್ದರೆ ಎಫ್‌ಎಕ್ಸ್-ರಿಟೇಲ್ ಸೌಲಭ್ಯಕ್ಕೆ ನೋಂದಣಿ ಮಾಡಿಸಿಕೊಡಿ ಎನ್ನಿ. ಸಿಸಿಐಎಲ್ 2019ರಲ್ಲಿ ಶುರುಮಾಡಿದ ಈ ವೇದಿಕೆಯಲ್ಲಿ ಸಣ್ಣ ಗ್ರಾಹಕರೂ ಮಾರುಕಟ್ಟೆಯ ದರದಲ್ಲೇ ಡಾಲರ್ ಮಾರಬಹುದು, ಬ್ಯಾಂಕಿನ ಶುಲ್ಕ ಪ್ರತ್ಯೇಕವಾಗಿ ಕಣ್ಣಿಗೆ ಕಾಣುತ್ತದೆ.

ಮೂರನೆಯದು ರೂಪಾಯಿ ಆದ ಮೇಲಿನ ಕಡಿತ. 2,485 ಗುಣಿಸು 83.35, ₹2,07,124.75. ಇಲ್ಲಿಂದ ₹866.41 ಕಳೆದು ಜಮಾ ಮಾಡಿದ್ದಾರೆ. ಕಮಿಷನ್ ₹500, ಅದರ ಮೇಲೆ ಶೇ. 18 ಜಿಎಸ್‌ಟಿ ₹90. ಉಳಿದ ₹276.41 ಏನು ಎಂಬುದೇ ಜನರನ್ನು ತಬ್ಬಿಬ್ಬು ಮಾಡುವುದು. ಇದು ಕರೆನ್ಸಿ ಬದಲಾಯಿಸಿದ ಸೇವೆಯ ಮೇಲಿನ ಜಿಎಸ್‌ಟಿ, ಕಮಿಷನ್ ಶೂನ್ಯವಾಗಿದ್ದರೂ ಇದು ಇರುತ್ತದೆ. ಪೂರ್ತಿ ಮೊತ್ತದ ಮೇಲೆ ಶೇ. 18 ಹಾಕುವುದಿಲ್ಲ. ಜಿಎಸ್‌ಟಿ ನಿಯಮ 32ರಲ್ಲಿ ಈ ಸೇವೆಗೆ ಒಂದು ಕಲ್ಪಿತ ಬೆಲೆ ಕಟ್ಟುವ ವಿಧಾನವಿದೆ. ₹1 ಲಕ್ಷದವರೆಗೆ ಶೇ. 1, ಕನಿಷ್ಠ ₹250. ಒಂದರಿಂದ ಹತ್ತು ಲಕ್ಷದವರೆಗೆ ₹1,000 ಜೊತೆಗೆ ಲಕ್ಷ ಮೀರಿದ ಭಾಗದ ಶೇ. 0.5. ಅದರಾಚೆ ಇನ್ನೊಂದು ಹಂತವಿದೆ, ನಿಮಗೆ ಸದ್ಯ ಬೇಡ. ನಿಮ್ಮ ಲೆಕ್ಕ:

```
1000 + 0.5% × (207124.75 − 100000) = 1535.62
1535.62 × 18% = 276.41
```

ಪೈಸೆಗೆ ಪೈಸೆ ಕೂಡಿತು. ಹಾಗಾಗಿ ಬ್ಯಾಂಕು ಇಲ್ಲಿ ತಪ್ಪು ಮಾಡಿಲ್ಲ. ₹500 ಕಮಿಷನ್ ಸರಿಯೇ ಎಂಬುದನ್ನು ಮಾತ್ರ ಬ್ಯಾಂಕಿನ ಪ್ರಕಟಿತ ಶುಲ್ಕ ಪಟ್ಟಿಯಲ್ಲಿ ನೋಡಿ. ಒಮ್ಮೊಮ್ಮೆ ಅಡ್ವೈಸ್ ಕೊಡುವುದಕ್ಕೇ ಬೇರೆ ಶುಲ್ಕ ಹಾಕಿ, ಕೆಲವು ದಿನ ಬಿಟ್ಟು ಖಾತೆಯಿಂದ ಕಡಿಯುತ್ತಾರೆ, ಆ ಸಾಲನ್ನೂ ಸ್ಟೇಟ್‌ಮೆಂಟ್‌ನಲ್ಲಿ ಹುಡುಕಿ. ₹90 ಮತ್ತು ₹276.41 ಎರಡೂ ವ್ಯವಹಾರದ ಖರ್ಚಿನ ಮೇಲಿನ ತೆರಿಗೆ. ನಿಮ್ಮ ಜಿಎಸ್‌ಟಿ ನಂಬರ್ ಬ್ಯಾಂಕಿನ ದಾಖಲೆಯಲ್ಲಿ ಇದ್ದಿದ್ದರೆ ₹366.41 ಇನ್‌ಪುಟ್ ಕ್ರೆಡಿಟ್ ಆಗಿ ಕಾಣಿಸುತ್ತಿತ್ತು. ಉಳಿತಾಯ ಖಾತೆಯಲ್ಲಿ ವೈಯಕ್ತಿಕ ಗ್ರಾಹಕರೆಂದೇ ಲೆಕ್ಕ ಹಾಕಿರುವುದರಿಂದ ಅದು ಖರ್ಚಾಗಿ ಹೋಯಿತು.

ಒಟ್ಟು ನೋಡಿದರೆ: 15 ಡಾಲರ್ ರೆಫರೆನ್ಸ್ ರೇಟಿನಲ್ಲಿ ₹1,269, ರೇಟಿನ ಅಂತರ ₹3,106.25, ಕಮಿಷನ್ ಜಿಎಸ್‌ಟಿ ಸೇರಿ ₹590, ವಿನಿಮಯದ ಜಿಎಸ್‌ಟಿ ₹276.41. ಕೂಡಿದರೆ ₹5,241.66. ಲೆಕ್ಕಕ್ಕೆ ಸಿಗದ ಒಂದು ಪೈಸೆಯೂ ಇಲ್ಲ. ನಿಮ್ಮ ಎರಡನೇ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ: ಹಣಕ್ಕಾಗಿ ಜಗಳ ಬೇಡ, ಆದರೆ ಕೋಡ್ ವಿಷಯ ಬಿಡಲೇಬೇಡಿ. ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ಹೋಗಬಹುದು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ ಎಂದದ್ದು ಇದಕ್ಕೇ, 30 ದಿನ ಎಣಿಸುವುದು ಆ ದಿನಾಂಕದಿಂದ.

ಮುಂದಿನ ಪೇಮೆಂಟಿಗೆ ಮೊದಲು ಎರಡು ಕೆಲಸ ಮುಗಿಸಿ. ವ್ಯವಹಾರದ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದು, ಜಿಎಸ್‌ಟಿ ನಂಬರ್ ಸೇರಿಸಿ, "ಈ ಕಂಪನಿಯಿಂದ ಬರುವ ಹಣಕ್ಕೆ P0802" ಎಂಬ ಸ್ಥಾಯಿ ಸೂಚನೆಯನ್ನು ಬ್ಯಾಂಕಿಗೆ ಬರೆದುಕೊಡಿ. ಇನ್ನೊಂದು, ಗ್ರಾಹಕರು ಹಣ ಕಳಿಸುವಾಗ ವಿವರದ ಜಾಗ ಖಾಲಿ ಬಿಡದಂತೆ ನೋಡಿಕೊಳ್ಳಿ. MT103ರಲ್ಲಿ ಆ ಜಾಗಕ್ಕೆ 35 ಅಕ್ಷರದ ನಾಲ್ಕೇ ಸಾಲು ಇದ್ದದ್ದು, ಹಾಗಾಗಿ ಚಿಕ್ಕದಾಗಿ ಬರೆದುಕೊಟ್ಟರೆ ಯಾವ ಬ್ಯಾಂಕಿನಲ್ಲೂ ತುಂಡಾಗುವುದಿಲ್ಲ. ಇನ್‌ವಾಯ್ಸ್‌ನ ಕೆಳಗೇ ಈ ಸಾಲು ಅಚ್ಚು ಹಾಕಿಬಿಡಿ, ಇನ್‌ವಾಯ್ಸ್ ನಂಬರನ್ನಷ್ಟೇ ಪ್ರತಿ ಸಲ ಬದಲಾಯಿಸಿ:

```
INV 17 SOFTWARE CONSULTANCY P0802
```